ಗ್ರೂಪಿನಲ್ಲಿ ಬಂದ ಖುಷಿಯ ಮೆಸೇಜುಗಳನ್ನೆಲ್ಲ ಸೇರಿಸಿ ಬಡ್ತಿಯ ನೋಟ್ ಬರೆಯಬೇಕು, ನನ್ನ ಡ್ರಾಫ್ಟ್ ಯಾಕೋ ಸಪ್ಪೆ

ನೀಲಿಶಾಯಿ

ನಮ್ಮ ಟೀಮಿನಲ್ಲಿ ಒಬ್ಬರಿಗೆ ಬಡ್ತಿ ಸಿಕ್ಕಿದೆ. ನಿಜವಾದ ಹೆಸರು ಇಲ್ಲಿ ಬೇಡ, ಸಹನಾ ಅಂತ ಇಟ್ಟುಕೊಳ್ಳೋಣ. ನಾವು ಗ್ರಾಹಕರ ದೂರು ನೋಡಿಕೊಳ್ಳುವ ಟೀಮು. ಮೂರು ಪಾಳಿ, ಒಟ್ಟು 14 ಜನ. ನಿನ್ನೆ ಮಧ್ಯಾಹ್ನ ಸುದ್ದಿ ಗೊತ್ತಾಗಿದ್ದೇ ತಡ, ಗ್ರೂಪಿನಲ್ಲಿ ಮೆಸೇಜುಗಳ ಸುರಿಮಳೆ. ಸಂಜೆ ಮ್ಯಾನೇಜರ್ ನನ್ನನ್ನು ಕರೆದು, "ಇದನ್ನೆಲ್ಲ ಸೇರಿಸಿ ಒಂದು ಒಳ್ಳೆ ನೋಟ್ ಬರೆದುಕೊಡಿ. ಬೇರೆ ಟೀಮುಗಳಿಗೂ ಹೋಗುತ್ತೆ, ನನ್ನ ಹೆಸರಲ್ಲಿ ಕಳಿಸ್ತೀನಿ" ಅಂದರು.

ಮೆಸೇಜುಗಳು ಹೀಗಿದ್ದವು:

"ಏಏಏ ಸಹನಾ!!! ಕೊನೆಗೂ ಬಂತು ಕಣೇ!!!"

"ಟೀಮ್ ಲೀಡ್ ಮೇಡಂಗೆ ಜೈ ಜೈ"

"ಎರಡು ವರ್ಷ ಮೊದಲೇ ಸಿಗಬೇಕಿತ್ತು. ಈಗಲಾದ್ರೂ ಕಣ್ಣು ಬಿಟ್ರಲ್ಲ"

"ನೀನು ಆ ಹಾಳೆ ಮಾಡಿಲ್ದೇ ಹೋಗಿದ್ರೆ ನಾವು ಇನ್ನೂ ದಿನಾ ಬೆಳಿಗ್ಗೆ ರಾತ್ರಿಯ ದೂರು ಹುಡುಕ್ತಾ ಕೂತಿರ್ತಿದ್ವಿ"

"ಮಗು ಆದ್ಮೇಲೂ ಇಷ್ಟು ಕೆಲಸ ಮಾಡೋದು ಅಂದ್ರೆ ಸುಮ್ನೆ ಮಾತಲ್ಲ"

"ಮೇಡಂ, ನನ್ನ ಮೊದಲ ವಾರ ನೀವು ಹೆಡ್‌ಫೋನ್ ಹಾಕ್ಕೊಂಡು ಪಕ್ಕದಲ್ಲೇ ಕೂತಿದ್ರಿ, ಒಂದು ಕಾಲ್ ಕೂಡ ನಾನೊಬ್ಬನೇ ತಗೊಳ್ಳೋಕೆ ಬಿಡ್ಲಿಲ್ಲ. ಅದನ್ನ ಮರೆಯೋಲ್ಲ"

"ಇನ್ಮೇಲೆ ರಜೆ ಅರ್ಜಿ ನಿನಗೇ ಕೊಡಬೇಕಾ?"

"ಪಾರ್ಟಿ ಯಾವಾಗ"

ರಾತ್ರಿ ಕೂತು ನಾನು ಬರೆದದ್ದು ಇದು:

"ನಮ್ಮ ತಂಡದ ಅತ್ಯಂತ ಕ್ರಿಯಾಶೀಲ, ಪರಿಶ್ರಮಿ ಹಾಗೂ ಬಹುಮುಖ ಪ್ರತಿಭೆಯಾದ ಸಹನಾರವರಿಗೆ ಟೀಮ್ ಲೀಡ್ ಹುದ್ದೆಗೆ ಮುಂಬಡ್ತಿ ನೀಡಲಾಗಿರುತ್ತದೆ ಎಂದು ತಿಳಿಸಲು ಹರ್ಷಿಸುತ್ತೇವೆ. ಅವರ ಅವಿರತ ಶ್ರಮ, ಬದ್ಧತೆ ಮತ್ತು ಸಮರ್ಪಣಾ ಮನೋಭಾವಕ್ಕೆ ಸಂದ ಗೌರವ ಇದಾಗಿದ್ದು, ಅವರಿಗೆ ಹಾರ್ದಿಕ ಶುಭಾಶಯಗಳು."

ತಪ್ಪಂತೂ ಇಲ್ಲ ಅನ್ನಿಸುತ್ತೆ. ಆದರೆ ಓದಿದರೆ ಸಹನಾ ಕಾಣಿಸುವುದೇ ಇಲ್ಲ. ಮೆಸೇಜುಗಳಲ್ಲಿದ್ದ ಜೀವ ಎಲ್ಲಿ ಹೋಯ್ತು? ಯಾರಾದರೂ ಇಂಥದ್ದು ಬರೆದು ಅಭ್ಯಾಸ ಇರೋರು ಹೇಳಿ. ನಾಡಿದ್ದು ಕೊಡಬೇಕು.

ಮೂರನೇಬೆಂಚು

ಚೆನ್ನಾಗೇ ಇದೆಯಲ್ಲ, ಕಳಿಸಿಬಿಡಿ. ಇಂಥ ಮೇಲ್ ಯಾರು ಪೂರ್ತಿ ಓದ್ತಾರೆ?

ಮಳೆಹನಿ

ಬಡ್ತಿ ಸಿಕ್ಕಿದವರು ಓದ್ತಾರೆ. ಅವರ ಮನೆಯವರೂ ಓದ್ತಾರೆ. ನನ್ನದನ್ನು ನಾನು ಇವತ್ತಿಗೂ ತೆಗೆದಿಟ್ಟುಕೊಂಡಿದ್ದೇನೆ.

ಹಳೇಕಡತ

ನಾನು ಎಚ್‌ಆರ್ ಕಡೆ ಕೆಲಸ ಮಾಡಿದವನು. ಇಂಥ ನೋಟ್ ನೂರಾರು ನನ್ನ ಕೈದಾಟಿ ಹೋಗಿವೆ. ನಿಮ್ಮ ಡ್ರಾಫ್ಟಿಗೆ ಒಂದು ಪರೀಕ್ಷೆ ಮಾಡಿ ನೋಡಿ. ಸಹನಾ ಹೆಸರು ತೆಗೆದು ಬೇರೆ ಯಾರದ್ದಾದರೂ ಹೆಸರು ಹಾಕಿ ಓದಿ. ಒಂದು ಅಕ್ಷರವನ್ನೂ ಬದಲಾಯಿಸಬೇಕಾಗಿಲ್ಲ, ಅಲ್ವಾ? ಅಕೌಂಟ್ಸ್‌ನವರಿಗೂ ನಡೆಯುತ್ತೆ, ಗೋಡೌನ್‌ನವರಿಗೂ ನಡೆಯುತ್ತೆ. ಸಪ್ಪೆ ಅನ್ನಿಸುತ್ತಿರುವುದು ಅದಕ್ಕೇ.

ಈಗ ಮೆಸೇಜುಗಳನ್ನು ಎರಡು ಗುಂಪು ಮಾಡಿ. ಬರೀ ಕೂಗು ಇರೋದು ಒಂದು ಕಡೆ. ಬರೆದವರು ಏನನ್ನೋ ಕಣ್ಣಾರೆ ಕಂಡು ಹೇಳಿದ್ದು ಇನ್ನೊಂದು ಕಡೆ. "ಜೈ ಜೈ", "ಕೊನೆಗೂ ಬಂತು" ಮೊದಲನೇದಕ್ಕೆ ಹೋಗುತ್ತವೆ. ಎರಡನೇದಕ್ಕೆ ಬರೋದು ಎರಡೇ: ಹಾಳೆಯ ಮಾತು, ಹೆಡ್‌ಫೋನ್ ಮಾತು. ನಿಮ್ಮ ಡ್ರಾಫ್ಟಿನಲ್ಲಿ ಆ ಎರಡೂ ಮಾಯ. ಕೂಗನ್ನೆಲ್ಲ ಹಿಡಿದು "ಅವಿರತ ಶ್ರಮ" ಮಾಡಿದ್ದೀರಿ. ಆ ಹಾಳೆ ಅಂದರೆ ಏನು? ಹೊರಗಿನವರಿಗೆ ಹೇಳುವ ಹಾಗೆ ಹೇಳಿ.

ನೀಲಿಶಾಯಿ

ಮೊದಲು ರಾತ್ರಿ ಪಾಳಿಯವರು ಹೋಗುವಾಗ ಬಾಕಿ ದೂರುಗಳನ್ನು ಬಾಯಲ್ಲಿ ಹೇಳಿ ಹೋಗುತ್ತಿದ್ದರು, ಇಲ್ಲ ಗ್ರೂಪಿನಲ್ಲಿ ಹಾಕುತ್ತಿದ್ದರು. ಬೆಳಿಗ್ಗೆ ಬಂದವರು ಮೆಸೇಜುಗಳನ್ನು ಹಿಂದಕ್ಕೆ ತಳ್ಳಿ ತಳ್ಳಿ ಹುಡುಕಬೇಕು. ಒಂದೆರಡು ಹಾಗೇ ಕಳೆದುಹೋಗುತ್ತಿದ್ದವು. ಆ ಗ್ರಾಹಕರು ಎರಡು ದಿನ ಬಿಟ್ಟು ಸಿಟ್ಟಿನಲ್ಲಿ ಮತ್ತೆ ಕಾಲ್ ಮಾಡೋರು. ಈಗ ಒಂದೇ ಒಂದು ಹಾಳೆ ಇದೆ. ದೂರಿನ ನಂಬರ್, ಎಲ್ಲಿಗೆ ಬಂದು ನಿಂತಿದೆ, ಮುಂದೆ ಯಾರು ಏನು ಮಾಡಬೇಕು, ಗ್ರಾಹಕರಿಗೆ ಎಷ್ಟು ಗಂಟೆಗೆ ಕಾಲ್ ಮಾಡ್ತೀವಿ ಅಂದಿದ್ದೇವೆ. ಅಷ್ಟೇ. ಪಾಳಿ ಮುಗಿಯೋ 15 ನಿಮಿಷ ಮೊದಲು ತುಂಬಬೇಕು.

ಹಳೇಕಡತ

ನೋಡಿ, ಈಗ ಬರೆದಿರಲ್ಲ, ಇದೇ ನಿಮ್ಮ ನೋಟು. ಇದರಲ್ಲಿ ಒಂದೇ ಒಂದು ಹೊಗಳಿಕೆ ಪದ ಇಲ್ಲ. ಆದರೂ ಓದಿದವರಿಗೆ ಈಕೆ ಎಂಥವರು ಅಂತ ತಿಳಿಯುತ್ತೆ.

ಖಾಲಿಪುಟ

ಅಣ್ಣ, ಒಂದು ಪ್ರಶ್ನೆ. ನನಗೂ ಬಡ್ತಿ ಅಂತ ಹೇಳಿ ಮೂರು ತಿಂಗಳಾಯ್ತು, ಲೆಟರ್ ಇನ್ನೂ ಕೈಗೆ ಬಂದಿಲ್ಲ. ಕೇಳೋಕೆ ಹೇಗೆ ಬರೆಯಬೇಕು?

ಹಳೇಕಡತ

@ಖಾಲಿಪುಟ ಅದು ಬೇರೆ ವಿಷಯ ತಮ್ಮಾ, ಬೇರೆ ಎಳೆ ಶುರು ಮಾಡಿ, ಅಲ್ಲಿ ಹೇಳ್ತೀನಿ. ಆದರೆ ನೀವು ಕೇಳಿದ್ದು ಒಳ್ಳೇದೇ ಆಯ್ತು. ನೀಲಿಶಾಯಿ ಅವರೇ, ಸಹನಾ ಅವರಿಗೆ ಲೆಟರ್ ಬಂದಿದೆಯಾ? ಅದರಲ್ಲಿ ಹುದ್ದೆಯ ಹೆಸರು ಏನಂತ ಇದೆ, ಯಾವತ್ತಿನಿಂದ ಅಂತ ಇದೆ, ನೀವೇ ನೋಡಿದ್ದೀರಾ?

ನೀಲಿಶಾಯಿ

ಇಲ್ಲ. ಗ್ರೂಪಿನಲ್ಲಿ ಎಲ್ಲರೂ ಟೀಮ್ ಲೀಡ್ ಅಂದರು, ಅದನ್ನೇ ಹಾಕಿದೆ. ಇವತ್ತು ಕೇಳ್ತೀನಿ.

ರಾತ್ರಿಪಾಳಿ

ಕೇಳಲೇಬೇಕು. ನಮ್ಮಲ್ಲಿ ಹೀಗೇ ಒಮ್ಮೆ ಖುಷಿಯಲ್ಲಿ ಮೇಲ್ ಹೋಯ್ತು, "ಅಸಿಸ್ಟೆಂಟ್ ಮ್ಯಾನೇಜರ್" ಅಂತ. ಲೆಟರಿನಲ್ಲಿ ಇದ್ದದ್ದು "ಸೀನಿಯರ್ ಎಕ್ಸಿಕ್ಯೂಟಿವ್". ಮಾರನೇ ದಿನ ತಿದ್ದುಪಡಿ ಮೇಲ್ ಬಂತು. ಆ ಮನುಷ್ಯ ನಿಜವಾಗಿ ಒಂದು ಮೆಟ್ಟಿಲು ಮೇಲೇರಿದ್ದ. ಆದರೆ ತಿದ್ದುಪಡಿ ಓದಿದವರಿಗೆಲ್ಲ ಅವನನ್ನು ಕೆಳಗಿಳಿಸಿದ ಹಾಗೆ ಕಾಣಿಸ್ತು. ಅಭಿನಂದನೆ ಹೇಳೋಕೆ ಬಂದವರು ಅರ್ಧದಲ್ಲೇ ನಿಲ್ಲಿಸಿ ಹೋದರು. ಅವನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬಿಸಿಲುಕೋಲು

ನನ್ನದು ಬೇರೆ ಸಲಹೆ. ಆಫೀಸ್ ನೋಟ್ ಅಂದರೆ ಗಂಭೀರವಾಗಿ ಇರಬೇಕು. "ನೀಡಲಾಗಿದೆ", "ತಿಳಿಸಲಾಗಿದೆ" ಅಂತ ಬರೆದರೇನೇ ಅಧಿಕೃತ ಅನ್ನಿಸೋದು. ಹಾಳೆ, ಹೆಡ್‌ಫೋನ್ ಅಂತೆಲ್ಲ ಬರೆದರೆ ಮನೆ ಮಾತಾಗಿಬಿಡುತ್ತೆ. ಇನ್ನೊಂದು, "ಎರಡು ವರ್ಷ ಮೊದಲೇ ಸಿಗಬೇಕಿತ್ತು", "ಪಾರ್ಟಿ ಯಾವಾಗ" ಇವೆರಡನ್ನಂತೂ ತೆಗೀಲೇಬೇಕು.

ಹಳೇಕಡತ

ಎರಡನೇ ಮಾತು ನೂರಕ್ಕೆ ನೂರು ಸರಿ. ಎರಡು ವರ್ಷದ ಮಾತು ಸಹನಾ ಮೇಲಿನ ಪ್ರೀತಿಯಿಂದಲೇ ಬಂದದ್ದು. ಆದರೆ ನೋಟ್ ಹೋಗೋದು ಮ್ಯಾನೇಜರ್ ಹೆಸರಲ್ಲಿ. ಅವರೇ "ಕೊನೆಗೂ" ಅಂದರೆ, ಇಷ್ಟು ದಿನ ಯಾಕೆ ಕೊಡಲಿಲ್ಲ ಅಂತ ಎಲ್ಲರೂ ಕೇಳ್ತಾರೆ. "ಬಹುದಿನಗಳ ನಿರೀಕ್ಷೆಯ ನಂತರ" ಅಂತ ನಯ ಮಾಡಿ ಬರೆದರೂ ಅದೇ ವಾಸನೆ.

ಮೊದಲನೇದು ಒಪ್ಪಲ್ಲ. ಸರ್ಕಾರಿ ಆದೇಶಕ್ಕೆ "ನೀಡಲಾಗಿದೆ" ಸರಿ, ಅಲ್ಲಿ ಕೊಡೋದು ಇಲಾಖೆ. ಇಲ್ಲಿ ಮ್ಯಾನೇಜರ್ ತನ್ನ ಜೊತೆ ದಿನಾ ಕೆಲಸ ಮಾಡೋ 14 ಜನಕ್ಕೆ ಹೇಳ್ತಿದ್ದಾರೆ. "ನೀಡಲಾಗಿರುತ್ತದೆ" ಅಂದರೆ ಯಾರು ಕೊಟ್ಟರು? ಯಾರೂ ಇಲ್ಲ. ಖುಷಿ ಪಡುವವರೂ ಯಾರೂ ಇಲ್ಲ. "ತಿಳಿಸುವುದಕ್ಕೆ ನನಗೆ ತುಂಬಾ ಸಂತೋಷ" ಅಂದರೆ ಒಬ್ಬ ಮನುಷ್ಯ ಹೇಳಿದ ಹಾಗಿರುತ್ತೆ. ಮರ್ಯಾದೆ ಏನೂ ಕಡಿಮೆ ಆಗಲ್ಲ.

ಬಿಸಿಲುಕೋಲು

ಬೇರೆ ಟೀಮುಗಳಿಗೂ ಹೋಗುತ್ತೆ ಅಂತ ಅವರೇ ಬರೆದಿದ್ದಾರಲ್ಲ. ಅವರೆಲ್ಲ ಜೊತೆಗಾರರಾ?

ಹಳೇಕಡತ

ಬೇರೆ ಟೀಮಿನವರಿಗೆ ಇನ್ನೂ ಬಿಡಿಸಿ ಹೇಳಬೇಕು. ನಿಮ್ಮ ಟೀಮಿಗೆ "ಆ ಹಾಳೆ" ಅಂದರೆ ಸಾಕು, ಅವರಿಗೆ ಅದರ ಕಥೆ ಗೊತ್ತಿರಲ್ಲ. ಗ್ರೂಪಿನಿಂದ ನೋಟಿಗೆ ತರುವಾಗ ಜಾಸ್ತಿ ಕೆಲಸ ಬೀಳೋದು ಇಲ್ಲೇ. ಅಕ್ಷರ ತಿದ್ದೋದು ಸುಲಭ. ಎಲ್ಲರಿಗೂ ಗೊತ್ತಿದೆ ಅಂತ ಗ್ರೂಪಿನಲ್ಲಿ ಬಿಟ್ಟದ್ದನ್ನು ತುಂಬಿಕೊಡೋದು ಕಷ್ಟ.

ಕಾಗುಣಿತ

ಭಾಷೆಯ ಕಡೆಯಿಂದ ಎರಡು ಮಾತು.

ಒಂದು, "ಹಾರ್ದಿಕ ಶುಭಾಶಯಗಳು" ಇಲ್ಲಿ ಸರಿಹೋಗಲ್ಲ. ಶುಭಾಶಯ ಅಂದರೆ ಮುಂದೆ ಒಳ್ಳೇದಾಗಲಿ ಅನ್ನೋದು. ಹುಟ್ಟುಹಬ್ಬಕ್ಕೆ, ಹೊಸ ವರ್ಷಕ್ಕೆ ಸರಿ. ಒಬ್ಬರು ಏನನ್ನೋ ಸಾಧಿಸಿದಾಗ ಹೇಳೋದು ಅಭಿನಂದನೆ. ಹೊಸ ಕೆಲಸಕ್ಕೂ ಹಾರೈಸಬೇಕು ಅನ್ನಿಸಿದರೆ ಎರಡನ್ನೂ ಬರೀಬಹುದು. ಆದರೆ ಅಭಿನಂದನೆ ಬಿಟ್ಟು ಬರೀ ಶುಭಾಶಯ ಹೇಳಿದರೆ, ಗೆದ್ದು ಬಂದವರಿಗೆ "ಹೋಗಿ ಬನ್ನಿ" ಅಂದ ಹಾಗೆ.

ಎರಡು, "ಸಹನಾರವರು" ಬೇಡ. "ಸಹನಾ ಅವರು" ಅಂತ ಬಿಡಿಸಿ ಬರೆಯಿರಿ.

ಬಿಸಿಲುಕೋಲು

ರವರು ತಪ್ಪೇನಲ್ಲ. ಮದುವೆ ಕಾಗದದಿಂದ ಹಿಡಿದು ಸುತ್ತೋಲೆವರೆಗೂ ಎಲ್ಲ ಕಡೆ ಅದೇ ಇದೆ.

ಕಾಗುಣಿತ

ಎಲ್ಲ ಕಡೆ ಇದೆ ಅಂದ ಮಾತ್ರಕ್ಕೆ ಸರಿ ಆಗಲ್ಲ. ಆ "ರ" ಎಲ್ಲಿಂದ ಬಂತು ಹೇಳಿ?

ಮಳೆಹನಿ

ಇದನ್ನ ಶುರು ಮಾಡಬೇಡಿ ದಯವಿಟ್ಟು, ನೋಟ್ ಮುಗೀಲಿ. ನನಗೆ ಬೇರೆ ಒಂದು ವಿಷಯ ಚುಚ್ಚುತ್ತಿದೆ. "ಮಗು ಆದ್ಮೇಲೂ" ಅನ್ನೋ ಮೆಸೇಜು. ಅದು ನೋಟಿನಲ್ಲಿ ಇರಬಾರದು.

ಮೂರನೇಬೆಂಚು

ಯಾಕೆ? ಹೊಗಳಿಕೆ ತಾನೇ? ನನಗಂತೂ ಇಡೀ ಪಟ್ಟಿಯಲ್ಲಿ ಅದೇ ಮನಸ್ಸಿಗೆ ತಟ್ಟಿದ್ದು.

ಮಳೆಹನಿ

ಹೇಳಿದವರ ಮನಸ್ಸು ಒಳ್ಳೇದೇ, ಅನುಮಾನ ಇಲ್ಲ. ಆದರೆ "ಆದಮೇಲೂ" ಅನ್ನೋ ಪದದ ಒಳಗೆ ಏನಿದೆ ನೋಡಿ. ಮಗು ಆದವರು ಸಾಮಾನ್ಯವಾಗಿ ಕೆಲಸ ಕಡಿಮೆ ಮಾಡ್ತಾರೆ, ಈಕೆ ಮಾತ್ರ ಹಾಗಲ್ಲ ಅಂತ. ಅದೇ ಟೀಮಿನಲ್ಲಿ ಇನ್ನೊಬ್ಬ ತಾಯಿ ಇದ್ದರೆ ಅವರು ಅದನ್ನು ಹೇಗೆ ಓದ್ತಾರೆ? ಇಬ್ಬರು ಮಕ್ಕಳಿರುವ ಗಂಡಸಿಗೆ ಬಡ್ತಿ ಬಂದಾಗ ಯಾರಾದರೂ ಹೀಗೆ ಬರೆದದ್ದು ಕಂಡಿದ್ದೀರಾ? ಗ್ರೂಪಿನಲ್ಲಿ ಗೆಳತಿ ಗೆಳತಿಗೆ ಹೇಳಬಹುದು. ಬೇರೆ ಟೀಮಿಗೆ ಹೋಗೋ ಕಾಗದದಲ್ಲಿ ಅವರ ಮನೆ ವಿಷಯ ಯಾಕೆ?

ನನ್ನ ಬಡ್ತಿಯ ನೋಟಿನಲ್ಲಿ "ಕಾಯಿಲೆಯನ್ನೂ ಮೆಟ್ಟಿ ನಿಂತು" ಅಂತ ಒಂದು ಮಾತಿತ್ತು. ನಾನು ಆಸ್ಪತ್ರೆಗೆ ಹೋಗಿ ಬಂದದ್ದು ನಾಲ್ಕು ಜನಕ್ಕೆ ಮಾತ್ರ ಗೊತ್ತಿತ್ತು. ಅವತ್ತು ಸಂಜೆಯೊಳಗೆ ಇಡೀ ಆಫೀಸಿಗೆ ಗೊತ್ತಾಯ್ತು. ಬಂದವರೆಲ್ಲ ಮೊದಲು ಆರೋಗ್ಯ ಕೇಳಿದರು, ಆಮೇಲೆ ಬಡ್ತಿಗೆ ಕೈ ಕುಲುಕಿದರು. ತೆಗೆದಿಟ್ಟುಕೊಂಡಿದ್ದೇನೆ ಅಂದೆನಲ್ಲ, ಆ ಕಾಗದವನ್ನು ಓದುವಾಗಲೆಲ್ಲ ಆ ಒಂದು ಸಾಲನ್ನು ಬಿಟ್ಟು ಓದ್ತೀನಿ.

ಮೂರನೇಬೆಂಚು

ನಾನು ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ. ಸರಿ ಅಕ್ಕ. ಆದರೂ ಸಹನಾ ಅವರನ್ನೇ ಒಂದು ಮಾತು ಕೇಳಬಹುದಲ್ವಾ? ಅವರಿಗೆ ಬೇಕಿದ್ದರೆ?

ಮಳೆಹನಿ

ಕೇಳಲಿ. ಅವರೇ ಬೇಕು ಅಂದರೆ ಮಾತು ಬೇರೆ.

ರಾತ್ರಿಪಾಳಿ

ನನಗೆ ಹಾಳೆ ಬಗ್ಗೆ ಒಂದು ಸಂಶಯ. ನಾನೂ ಎಷ್ಟೋ ವರ್ಷ ರಾತ್ರಿ ಪಾಳಿ ಮಾಡಿದವನು, ಅದಕ್ಕೇ ಕೇಳ್ತಿದ್ದೇನೆ. ಸಹನಾ ಬೆಳಗಿನ ಪಾಳಿಯವರಾ? ಹಾಗಿದ್ದರೆ ಆ ಹಾಳೆ ತುಂಬೋದು ರಾತ್ರಿಯವರು. ರಾತ್ರಿ ಒಂದು ಗಂಟೆಗೆ ಏನು ನಡೆಯುತ್ತೆ, ಏನು ಬರೀಬೇಕು, ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು ಬೆಳಿಗ್ಗೆ ಬರೋರಿಗೆ ಗೊತ್ತಿರಲ್ಲ. ರಾತ್ರಿಯವರು ಯಾರೋ ಜೊತೆಗೆ ಕೂತಿರಲೇಬೇಕು. ಗ್ರೂಪಿನಲ್ಲಿ ಬಡ್ತಿ ಬಂದವರ ಹೆಸರು ಮಾತ್ರ ಓಡುತ್ತೆ. ಸುಮ್ನೆ ಒಂದು ಸಲ ವಿಚಾರಿಸಿ.

ಬಿಸಿಲುಕೋಲು

ಬಡ್ತಿ ನೋಟಿನಲ್ಲಿ ಇನ್ನೊಬ್ಬರ ಹೆಸರು ಬರಲೇಬಾರದು. ಅದು ಅವರೊಬ್ಬರ ದಿನ.

ನೀಲಿಶಾಯಿ

ಎಲ್ಲ ವಿಚಾರಿಸಿಕೊಂಡು ಬಂದೆ. ಕೇಳದೇ ಕಳಿಸಿದ್ದರೆ ಎಂಥ ಎಡವಟ್ಟಾಗುತ್ತಿತ್ತು!

ಮೊದಲನೇದು, ಲೆಟರಿನಲ್ಲಿ ಟೀಮ್ ಲೀಡ್ ಅಂತ ಇಲ್ಲವೇ ಇಲ್ಲ. "ಶಿಫ್ಟ್ ಲೀಡ್, ಬೆಳಗಿನ ಪಾಳಿ" ಅಂತ ಇದೆ. ಜುಲೈ 1ರಿಂದ. ಅಂದರೆ 14 ಜನಕ್ಕಲ್ಲ, ಬೆಳಗಿನ ಪಾಳಿಯ 5 ಜನಕ್ಕೆ. ನಾನು ಬರೆದದ್ದೇ ಹೋಗಿದ್ದರೆ ಉಳಿದ ಎರಡು ಪಾಳಿಯವರೂ ನಮ್ಮ ಮೇಲೆ ಹೊಸಬರು ಬಂದರು ಅಂದುಕೊಳ್ಳುತ್ತಿದ್ದರು.

ಎರಡನೇದು ರಜೆ ಅರ್ಜಿ. ಆ ಮೆಸೇಜನ್ನು ತಮಾಷೆ ಅಂತ ಬಿಟ್ಟಿದ್ದೆ. ಮ್ಯಾನೇಜರನ್ನು ಕೇಳಿದರೆ ಅವರೇ ಒಂದು ನಿಮಿಷ ಯೋಚಿಸಿದರು. ಸಿಸ್ಟಮ್‌ನಲ್ಲಿ ಸಹನಾ ಅವರಿಗೆ ರಜೆ ಒಪ್ಪಿಗೆ ಕೊಡುವ ಅನುಮತಿ ಬರೋದು ಜುಲೈ 15ಕ್ಕಂತೆ. ಅಲ್ಲಿವರೆಗೆ ಮ್ಯಾನೇಜರಿಗೇ ಹೋಗಬೇಕು.

ಮೂರನೇದು, ಮಗುವಿನ ಮಾತು. ಸಹನಾ ತಕ್ಷಣ ಬೇಡ ಅಂದರು. "ಅದು ಹಾಕಿದರೆ ನಾನು ಮಾಡಿದ ಕೆಲಸ ಹಿಂದೆ ಹೋಗುತ್ತೆ" ಅಂದರು. ಮಳೆಹನಿ ಅಕ್ಕ, ಥ್ಯಾಂಕ್ಸ್.

ನಾಲ್ಕನೇದೇ ದೊಡ್ಡದು. ರಾತ್ರಿಪಾಳಿ ಅವರು ಹೇಳಿದ್ದು ಸರಿ. ಹಾಳೆ ಯಾರು ಮಾಡಿದ್ದು ಅಂತ ಸಹನಾ ಅವರನ್ನೇ ಕೇಳಿದೆ. "ಅರ್ಧ ನನ್ನದಲ್ಲ" ಅಂದರು. ರಾತ್ರಿ ಪಾಳಿಯ ಒಬ್ಬರು, ಮಾಧವ ಅಂತ ಕರೆಯೋಣ, ಇಬ್ಬರೂ ಕೂತು ಮಾಡಿದ್ದು. ಮೊದಲು 11 ಕಾಲಂ ಇತ್ತಂತೆ. ರಾತ್ರಿ ಅಷ್ಟು ತುಂಬೋಕೆ ಆಗಲ್ಲ ಅಂತ ಮಾಧವ 4ಕ್ಕೆ ಇಳಿಸಿದರು. ಆ 15 ನಿಮಿಷದ ಲೆಕ್ಕವೂ ಅವರದ್ದೇ.

ಈಗ ಕಷ್ಟ ಏನಂದರೆ, ಇದೇ ಶಿಫ್ಟ್ ಲೀಡ್ ಕೆಲಸಕ್ಕೆ ಮಾಧವ ಅವರೂ ಅರ್ಜಿ ಹಾಕಿದ್ದರು. ಅವರ ಹೆಸರು ಹಾಕಲಾ, ಬಿಡಲಾ?

ಬಿಸಿಲುಕೋಲು

ಬಿಡಿ. ಗಾಯದ ಮೇಲೆ ಉಪ್ಪು ಸುರಿದ ಹಾಗಾಗುತ್ತೆ.

ರಾತ್ರಿಪಾಳಿ

ಬಿಟ್ಟರೇ ಉಪ್ಪು ಸುರಿದ ಹಾಗೆ. ಅವರು ಮಾಡಿದ ಅರ್ಧ ಕೆಲಸ ಇನ್ನೊಬ್ಬರ ಬಡ್ತಿಗೆ ಕಾರಣ ಅಂತ ಎಲ್ಲರಿಗೂ ಮೇಲ್ ಹೋಗುತ್ತೆ, ಅದರಲ್ಲಿ ಅವರ ಹೆಸರೇ ಇಲ್ಲ! ಅದನ್ನು ರಾತ್ರಿ ಪಾಳಿಯಲ್ಲಿ ಕೂತು ಓದೋರು ಅವರೇ.

ಹಳೇಕಡತ

ಅದಕ್ಕೂ ಮೊದಲು ಒಂದು ಕೇಳ್ತೀನಿ. ಮಾಧವ ಅವರಿಗೆ ತನಗೆ ಸಿಗಲಿಲ್ಲ ಅಂತ ಯಾರಾದರೂ ಎದುರು ಕೂತು ಹೇಳಿದ್ದಾರಾ? ಅಥವಾ ಗ್ರೂಪಿನ ಮೆಸೇಜು ನೋಡಿ ಗೊತ್ತಾಯ್ತಾ?

ನೀಲಿಶಾಯಿ

ಗ್ರೂಪಿನಿಂದಲೇ ಗೊತ್ತಾಗಿದ್ದು. ಮಧ್ಯಾಹ್ನ ಮಲಗಿದ್ದರಂತೆ, ಎದ್ದು ಫೋನ್ ನೋಡಿದಾಗ.

ಮಳೆಹನಿ

ಅಯ್ಯೋ.

ಹಳೇಕಡತ

ಹಾಗಾದರೆ ನೋಟ್ ಎರಡು ದಿನ ತಡವಾದರೂ ಪರವಾಗಿಲ್ಲ. ಇದು ನಿಮ್ಮ ಕೆಲಸ ಅಲ್ಲ, ಮ್ಯಾನೇಜರ್ ಕೆಲಸ. ಹೋಗಿ ಹೇಳಿ: ಕಳಿಸೋ ಮೊದಲು ಮಾಧವ ಜೊತೆ ಕೂತು ಮಾತಾಡಿ, ಫೋನಲ್ಲಿ ಬೇಡ ಅಂತ. ನಮ್ಮಲ್ಲಿ ಕಟ್ಟುನಿಟ್ಟಾದ ಕ್ರಮ ಇತ್ತು. ಮೊದಲು ಬಡ್ತಿ ಬಂದವರಿಗೆ, ಆಮೇಲೆ ಅರ್ಜಿ ಹಾಕಿ ಸಿಗದವರಿಗೆ ಒಬ್ಬೊಬ್ಬರಿಗೇ, ಆಮೇಲೆ ಯಾರು ಅವರ ಕೈಕೆಳಗೆ ಬರ್ತಾರೋ ಅವರಿಗೆ, ಎಲ್ಲ ಆದಮೇಲೆ ಮೇಲ್. ಗ್ರೂಪ್ ಈ ಕ್ರಮವನ್ನು ಮುರಿದುಬಿಟ್ಟಿದೆ. ನೋಟ್ ಮತ್ತೊಂದು ಸಲ ಮುರಿಯೋದು ಬೇಡ.

ಹೆಸರು ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ. ಆದರೆ ಅವರನ್ನು ಕೇಳಿಯೇ ಹಾಕಿ. ಯಾವ ಪದದಲ್ಲಿ ಹಾಕ್ತೀರಿ ಅನ್ನೋದನ್ನೂ ತೋರಿಸಿ.

ಖಾಲಿಪುಟ

ನಮ್ಮಲ್ಲಿ ಹೀಗೆ ಆದಾಗ ಸಿಗದವರು ಕೆಲಸವನ್ನೇ ಬಿಟ್ಟು ಹೋದರು. ಮೇಲ್ ಒಂದರಿಂದಲೇ ಅಲ್ಲ, ಆದರೆ ಮೇಲ್ ಬಂದ ವಾರವೇ.

ನೀಲಿಶಾಯಿ

ಮ್ಯಾನೇಜರ್ ಒಪ್ಪಿದರು. ನಿನ್ನೆ ರಾತ್ರಿ ಪಾಳಿ ಶುರುವಾಗೋ ಮೊದಲೇ ಬಂದು ಮಾಧವ ಜೊತೆ ಮುಕ್ಕಾಲು ಗಂಟೆ ಕೂತಿದ್ದರು. ಆಮೇಲೆ ನಾನು ಡ್ರಾಫ್ಟ್ ತೋರಿಸಿದೆ. ಅದರಲ್ಲಿ "ಮಾಧವ ಅವರ ಸಹಾಯದಿಂದ" ಅಂತ ಇತ್ತು. ಅವರು ಓದಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಸಹಾಯ" ಅನ್ನೋ ಪದದ ಮೇಲೆ ಬೆರಳಿಟ್ಟು, "ನಾನು ಸಹಾಯ ಮಾಡಿಲ್ಲ, ಮಾಡಿದ್ದೇನೆ" ಅಂದರು. ಕೋಪದಲ್ಲಿ ಅಲ್ಲ. ನಾನು ಅಲ್ಲೇ "ಜೊತೆ ಸೇರಿ" ಅಂತ ಬದಲಾಯಿಸಿದೆ. ಹೂಂ ಅಂದರು.

ಈಗ ಹೀಗಿದೆ. ನೋಡಿ ಹೇಳಿ.

ವಿಷಯ: ಸಹನಾ ಅವರು ಜುಲೈ 1ರಿಂದ ಬೆಳಗಿನ ಪಾಳಿಯ ಶಿಫ್ಟ್ ಲೀಡ್

ಎಲ್ಲರಿಗೂ ನಮಸ್ಕಾರ.

ಸಹನಾ ಅವರು ಬಡ್ತಿ ಪಡೆದು ಜುಲೈ 1ರಿಂದ ಬೆಳಗಿನ ಪಾಳಿಯ ಶಿಫ್ಟ್ ಲೀಡ್ ಆಗುತ್ತಿದ್ದಾರೆ. ಇದನ್ನು ತಿಳಿಸುವುದಕ್ಕೆ ನನಗೆ ತುಂಬಾ ಸಂತೋಷ.

ಮೊದಲು ಪಾಳಿ ಬದಲಾಗುವಾಗ ರಾತ್ರಿಯ ಕೆಲವು ದೂರುಗಳು ಕೈತಪ್ಪಿ ಹೋಗುತ್ತಿದ್ದವು. ಈಗ ಬೆಳಿಗ್ಗೆ ಬಂದವರು ಒಂದೇ ಹಾಳೆ ನೋಡಿ ಕೆಲಸ ಶುರು ಮಾಡುತ್ತಾರೆ. ಯಾವ ದೂರು ಎಲ್ಲಿಗೆ ಬಂದಿದೆ, ಮುಂದೆ ಯಾರು ಏನು ಮಾಡಬೇಕು ಅನ್ನುವುದು ಅದರಲ್ಲೇ ಇರುತ್ತದೆ. ಆ ಹಾಳೆಯನ್ನು ಸಹನಾ ಅವರು ರಾತ್ರಿ ಪಾಳಿಯ ಮಾಧವ ಅವರ ಜೊತೆ ಸೇರಿ ರೂಪಿಸಿದರು. ಹೊಸಬರಿಗೆ ಕೆಲಸ ಕಲಿಸುವುದರಲ್ಲೂ ಅವರದ್ದೇ ಒಂದು ರೀತಿ ಇದೆ. ನಮ್ಮ ಟೀಮಿನ ಒಬ್ಬರು ಬರೆದ ಮಾತಿದು: "ನನ್ನ ಮೊದಲ ವಾರ ಅವರು ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. ಒಂದು ಕಾಲ್ ಕೂಡ ನಾನೊಬ್ಬನೇ ತೆಗೆದುಕೊಳ್ಳಲು ಬಿಡಲಿಲ್ಲ."

ಜುಲೈ 1ರಿಂದ ಬೆಳಗಿನ ಪಾಳಿಯಲ್ಲಿ ದೂರುಗಳನ್ನು ಹಂಚುವ ಜವಾಬ್ದಾರಿ ಸಹನಾ ಅವರದ್ದು. ಬೆಳಗಿನ ಪಾಳಿಯವರು ರಜೆ ಅರ್ಜಿಯನ್ನು ಜುಲೈ 14ರವರೆಗೆ ನನಗೇ ಕಳಿಸಿ, 15ರಿಂದ ಅವರಿಗೆ ಕಳಿಸಿ. ಉಳಿದ ಎರಡು ಪಾಳಿಗಳಲ್ಲಿ ಯಾವ ಬದಲಾವಣೆಯೂ ಇಲ್ಲ.

ಸಹನಾ ಅವರಿಗೆ ಮನಸಾರೆ ಅಭಿನಂದನೆ.

ಮಳೆಹನಿ

ಇದನ್ನ ಓದಿದರೆ ನನಗೆ ಸಹನಾ ಅವರನ್ನು ನೋಡಿದ ಹಾಗಾಯ್ತು. ಮೊದಲ ಡ್ರಾಫ್ಟ್ ಓದಿದಾಗ ಹಾಗಾಗಿರಲಿಲ್ಲ.

ಹಳೇಕಡತ

ತುಂಬಾ ಒಳ್ಳೇದು. ಮೊದಲ ಸಾಲಿನಲ್ಲೇ ಯಾರು, ಏನು, ಯಾವಾಗ ಮೂರೂ ಬಂದಿವೆ. ಸಬ್ಜೆಕ್ಟ್ ಮಾತ್ರ ಓದಿ ಬಿಡೋರಿಗೂ ಸುದ್ದಿ ತಲುಪುತ್ತೆ. ಒಂದೇ ಒಂದು ಕೇಳಬೇಕಿತ್ತು. ಹೆಡ್‌ಫೋನ್ ಮಾತು ಬರೆದ ಹುಡುಗನನ್ನು ಕೇಳಿದಿರಾ? ಹೆಸರಿಲ್ಲದಿದ್ದರೂ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಅವನು ಗ್ರೂಪಿನ 14 ಜನಕ್ಕೆ ಬರೆದದ್ದು, ಇಡೀ ಆಫೀಸಿಗಲ್ಲ.

ನೀಲಿಶಾಯಿ

ಕೇಳಿದೆ. ಖುಷಿಯಿಂದ ಒಪ್ಪಿದ. "ನನ್ನ ಹೆಸರೂ ಹಾಕಿ" ಅಂದ. ಮ್ಯಾನೇಜರ್ ಬೇಡ ಅಂದರು. ಅದೊಂದು ಯಾಕೋ ನನಗೆ ಅರ್ಥ ಆಗಲಿಲ್ಲ. ಮಾತು ಅವನದ್ದು, ಅವನೇ ಹಾಕಿ ಅಂತಾನೆ.

ಹಳೇಕಡತ

ನಾನಾಗಿದ್ದರೆ ಹಾಕ್ತಿದ್ದೆ.

ಬಿಸಿಲುಕೋಲು

ನಾನಾಗಿದ್ದರೆ ಬಿಡ್ತಿದ್ದೆ. ಮೂರು ಹೆಸರಾದರೆ ಯಾರ ನೋಟು ಅಂತಲೇ ಗೊತ್ತಾಗಲ್ಲ. ಆದರೆ ಹಾಳೆಯ ಭಾಗ ಚೆನ್ನಾಗಿ ಬಂದಿದೆ, ಅದನ್ನ ಒಪ್ಪಿಕೊಳ್ತೀನಿ. "ಆಗುತ್ತಿದ್ದಾರೆ" ಬದಲು "ಆಗಲಿದ್ದಾರೆ" ಮಾಡಿ.

ಕಾಗುಣಿತ

"ಆಗುತ್ತಿದ್ದಾರೆ" ಸಾಕು, ಮಾತಿಗೆ ಹತ್ತಿರ ಇದೆ. "ಸಹನಾ ಅವರು" ಅಂತ ಬಿಡಿಸಿ ಬರೆದದ್ದಕ್ಕೆ ಧನ್ಯವಾದ.

ಮೂರನೇಬೆಂಚು

ಗ್ರೂಪಿನಲ್ಲಿದ್ದ ಉದ್ಗಾರ ಚಿಹ್ನೆ ಒಂದಾದರೂ ಇರಬೇಕಿತ್ತು. ಕೊನೇ ಸಾಲಿಗೆ ಒಂದು ಹಾಕಿ, ಏನಾಗುತ್ತೆ?

ನೀಲಿಶಾಯಿ

ಕೊನೇ ಸಾಲಿಗೆ ಒಂದು ಹಾಕಿದೆ! ಮ್ಯಾನೇಜರ್ ತೆಗೀಲಿಲ್ಲ.

ಇವತ್ತು ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಕಳಿಸಿದರು, ರಾತ್ರಿಯವರೂ ಬೆಳಗಿನವರೂ ಇಬ್ಬರೂ ಇರುವಾಗ. ಬೇರೆ ಟೀಮಿನಿಂದ ಬಂದ ಮೊದಲ ಉತ್ತರದಲ್ಲಿ ಅಭಿನಂದನೆ ಒಂದೇ ಸಾಲು. ಅದರ ಕೆಳಗೆ, "ಆ ಹಾಳೆಯ ಒಂದು ಪ್ರತಿ ನಮಗೂ ಸಿಗುತ್ತಾ?" ಅಂತ ಇತ್ತು. ಸಹನಾ ಅದನ್ನು ಮಾಧವ ಅವರಿಗೆ ಫಾರ್ವರ್ಡ್ ಮಾಡಿದರು.

ರಾತ್ರಿಪಾಳಿ

ಆ ಟೀಮಿನವರಷ್ಟೇ ಅಲ್ಲ, ನಾನೂ ಕೇಳ್ತಿದ್ದೇನೆ. ಆ 4 ಕಾಲಂ ಯಾವ ಕ್ರಮದಲ್ಲಿದೆ? ಕಾಲ್ ಮಾಡೋ ಗಂಟೆ ಮೊದಲ ಕಾಲಂ ಆ, ಕೊನೇದಾ? ನಮ್ಮಲ್ಲಿ ಕೊನೇದಕ್ಕೆ ಇಟ್ಟು ಯಾರೂ ತುಂಬುತ್ತಲೇ ಇರಲಿಲ್ಲ.

ನೀಲಿಶಾಯಿ

ಮೊದಲನೇದು. ಅದೂ ಮಾಧವ ಹೇಳಿದ್ದೇ.